ಸಹಿ ಬಿದ್ದ ಮರುದಿನದ ಮೇಲ್: ಹೊಸ ಕ್ಲೈಂಟ್‌ಗೆ ಕಿಕ್‌ಆಫ್ ಇಮೇಲ್ ಬರೆಯುವ ಬಗೆ

ಒಪ್ಪಂದಕ್ಕೆ ಸಹಿಯಾದ ಮೇಲೆ ಕ್ಲೈಂಟ್‌ಗೆ ಹೋಗುವ ಮೊದಲ ಮೇಲ್ ಹೆಚ್ಚಿನ ಕಚೇರಿಗಳಲ್ಲಿ ಒಂದೇ ಅಚ್ಚಿನದು. ಮೊದಲಿಗೆ ಧನ್ಯವಾದ, ಆಮೇಲೆ ತಂಡದವರ ಪರಿಚಯ, ಕೊನೆಗೆ ‘ದಯವಿಟ್ಟು ಕೆಳಗಿನವುಗಳನ್ನು ಆದಷ್ಟು ಬೇಗ ಕಳಿಸಿ’ ಎಂಬ ಸಾಲಿನ ಕೆಳಗೆ ಹದಿನೈದು ಇಪ್ಪತ್ತು ಅಂಶಗಳು. ಕ್ಲೈಂಟ್ ಮೊಬೈಲಿನಲ್ಲಿ ಓದಿ ‘ಓಕೆ, ಥ್ಯಾಂಕ್ಸ್’ ಅನ್ನುತ್ತಾರೆ. ಎರಡು ವಾರ ಕಳೆದರೂ ಬಂದಿರುವುದು ಲೋಗೊ ಒಂದೇ, ಅದೂ ವಾಟ್ಸ್ಆಪ್‌ನಲ್ಲಿ.

ಇಲ್ಲಿ ಕ್ಲೈಂಟ್‌ನ ತಪ್ಪು ಕಡಿಮೆ. ಇಪ್ಪತ್ತು ಅಂಶಗಳಲ್ಲಿ ಯಾವುದು ತಡವಾದರೆ ಇಡೀ ಕೆಲಸ ನಿಲ್ಲುತ್ತದೆ, ಯಾವುದು ಮುಂದಿನ ತಿಂಗಳು ಬಂದರೂ ನಡೆಯುತ್ತದೆ ಎಂಬುದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅದನ್ನು ತಿಳಿಸುವುದೇ ಕಿಕ್‌ಆಫ್ ಮೇಲ್‌ನ ಕೆಲಸ. ಉಳಿದದ್ದೆಲ್ಲ ಅದರ ಸುತ್ತಲಿನ ಮರ್ಯಾದೆ.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ಮೈಸೂರಿನ ನಾಲ್ಕು ಜನರ ವೆಬ್ ಸ್ಟುಡಿಯೊ ನಮ್ಮದು ಎಂದುಕೊಳ್ಳಿ. ಕ್ಲೈಂಟ್ ಚಿಕ್ಕಮಗಳೂರಿನ ಒಂದು ಕಾಫಿಪುಡಿ ಕುಟುಂಬ. ಅಂಗಡಿಯ ವ್ಯಾಪಾರ ಚೆನ್ನಾಗಿದೆ, ಈಗ ಆನ್‌ಲೈನ್ ಮಾರಾಟಕ್ಕೆ ಜಾಲತಾಣ ಬೇಕು, ದೀಪಾವಳಿಗೆ ಮುಂಚೆ ಶುರುವಾಗಬೇಕು. 2025ರ ಜುಲೈ 31, ಗುರುವಾರ ಸಹಿಯಾಯಿತು. ಆ ವರ್ಷ ನರಕ ಚತುರ್ದಶಿ ಅಕ್ಟೋಬರ್ 20ಕ್ಕೆ. ಕುಟುಂಬ ಕಲ್ಪಿತ, ಆದರೆ ಅವರ ಮನೆಯಲ್ಲಿರುವ ತೊಡಕುಗಳು ಇಂಥ ಕೆಲಸ ಮಾಡಿದ ಎಲ್ಲರಿಗೂ ಪರಿಚಿತ.

ಬರೆಯುವ ಮೊದಲು ಎರಡು ಮಾತುಕತೆ

ಮೊದಲನೆಯದು ನಿಮ್ಮದೇ ಕಚೇರಿಯಲ್ಲಿ. ಕೆಲಸ ತಂದವರು ಒಬ್ಬರು, ಮಾಡುವವರು ಇನ್ನೊಬ್ಬರು ಆಗಿದ್ದರೆ ಒಪ್ಪಂದದ ಪ್ರತಿ ಮುಂದಿಟ್ಟುಕೊಂಡು ತಂದವರನ್ನು ಕೇಳಿ: ಇದರಲ್ಲಿ ಬರೆಯದೆ ಬಾಯಲ್ಲಿ ಒಪ್ಪಿದ್ದು ಏನಾದರೂ ಇದೆಯೇ? ಸಾಮಾನ್ಯವಾಗಿ ಇದ್ದೇ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಮಾಲೀಕರು ಮಾತಿನ ಮಧ್ಯೆ, ‘ವಾಟ್ಸ್ಆಪ್‌ನಲ್ಲೂ ಆರ್ಡರ್ ಬರೋ ಹಾಗೆ ಮಾಡ್ತೀರಲ್ಲ?’ ಎಂದು ಕೇಳಿದ್ದರು. ನಮ್ಮವರು ‘ಅದಕ್ಕೇನು ಸರ್, ಮಾಡೋಣ’ ಎಂದಿದ್ದರು. ಒಪ್ಪಂದದಲ್ಲಿ ಅದು ಎಲ್ಲೂ ಇಲ್ಲ.

ಇದನ್ನು ಮುಚ್ಚಿಟ್ಟರೆ ಸೆಪ್ಟೆಂಬರ್‌ನಲ್ಲಿ ಎದ್ದು ಬರುತ್ತದೆ. ಹಾಗೆಂದು ಮೊದಲ ಬಾರಿಗೆ ಮೇಲ್‌ನಲ್ಲಿ, ಮನೆಯವರಿಗೆಲ್ಲ ಪ್ರತಿ ಹಾಕಿ, ‘ಇದು ಒಪ್ಪಂದದಲ್ಲಿಲ್ಲ’ ಎಂದು ಬರೆದರೆ ಹಿರಿಯರಿಗೆ ಅವಮಾನವಾಗುತ್ತದೆ. ಮೊದಲು ಫೋನಿನಲ್ಲಿ ಹೇಳಿ: ‘ಸರ್, ಆ ದಿನ ವಾಟ್ಸ್ಆಪ್ ಆರ್ಡರ್ ವಿಷಯ ಬಂದಿತ್ತು. ಅದು ಈ ಹಂತದಲ್ಲಿ ಇಲ್ಲ. ಜಾಲತಾಣ ಶುರುವಾದ ಮೇಲೆ ಬೇರೆಯಾಗಿ ಲೆಕ್ಕ ಕೊಡ್ತೀವಿ, ಆಗಬಹುದಾ?’ ಅವರು ಒಪ್ಪಿದ ಮೇಲೆ ಮೇಲ್‌ನಲ್ಲಿ ಒಂದು ಸಾಲು ಬರೆಯಿರಿ. ಆಗ ಅದು ನಡೆದ ಮಾತಿನ ದಾಖಲೆಯಷ್ಟೇ, ಹೊಸ ತಕರಾರಲ್ಲ.

ಅದೇ ಫೋನಿನಲ್ಲಿ ಇನ್ನೂ ಎರಡು ಪ್ರಶ್ನೆ ಕೇಳಿಬಿಡಿ. ವಿನ್ಯಾಸ ನೋಡಿ ಕೊನೆಗೆ ‘ಸರಿ, ಹಾಕಿ’ ಅನ್ನುವವರು ಯಾರು? ಡೊಮೇನ್ ಹೆಸರು ಯಾರು ಕೊಂಡಿದ್ದು, ಯಾರ ಇಮೇಲ್‌ನಲ್ಲಿ ಇದೆ? ಎರಡನೆಯದಕ್ಕೆ ಬರುವ ಉತ್ತರ ಹೆಚ್ಚು ಕಡಿಮೆ ಹೀಗೆ: ‘ಅದು ನಮ್ಮ ಅಕ್ಕನ ಮಗ ಬೆಂಗಳೂರಲ್ಲಿದ್ದಾನೆ, ಅವನೇ ಮಾಡಿಕೊಟ್ಟಿದ್ದು.’ ಆ ಅಕ್ಕನ ಮಗನ ಸಂಪರ್ಕವನ್ನು ಈ ಮೇಲ್‌ನಲ್ಲಿ ಕೇಳಲೇಬೇಕು. ಯಾಕೆಂಬುದು ಮುಂದೆ ಗೊತ್ತಾಗುತ್ತದೆ.

ಯಾವಾಗ, ಯಾರಿಂದ, ಯಾರಿಗೆ

ಸಹಿಯಾದ ದಿನ ಅಥವಾ ಮರುದಿನ ಬೆಳಿಗ್ಗೆ. ವಾರ ಬಿಟ್ಟು ಕಳಿಸಿದರೆ ಕ್ಲೈಂಟ್‌ನ ಉತ್ಸಾಹ ಬೇರೆ ಕೆಲಸಕ್ಕೆ ಹೋಗಿರುತ್ತದೆ. ಕಳಿಸುವವರು ಇನ್ನು ಮುಂದೆ ದಿನನಿತ್ಯ ಮಾತಾಡುವವರೇ ಆಗಿರಲಿ. ಕೆಲಸ ತಂದವರು ಕಳಿಸಿ ‘ಇನ್ನು ಇವರು ನೋಡಿಕೊಳ್ಳುತ್ತಾರೆ’ ಎಂದರೆ ಕ್ಲೈಂಟ್ ಇಬ್ಬರಿಗೂ ಫೋನ್ ಮಾಡುತ್ತಲೇ ಇರುತ್ತಾರೆ.

‘ಟು’ ಜಾಗದಲ್ಲಿ ಉತ್ತರ ಕೊಡಬೇಕಾದವರು ಮಾತ್ರ, ‘ಸಿಸಿ’ಯಲ್ಲಿ ತಿಳಿದಿರಬೇಕಾದವರು. ನಮ್ಮ ಉದಾಹರಣೆಯಲ್ಲಿ ಮಾಲೀಕರು ಮತ್ತು ಅವರ ಮಗಳು ಮೊದಲ ಸಾಲಿಗೆ, ಅಕೌಂಟೆಂಟ್ ಎರಡನೆಯದಕ್ಕೆ. ಅಕ್ಕನ ಮಗನನ್ನು ಇದಕ್ಕೆ ಸೇರಿಸಬೇಡಿ, ಮಾಲೀಕರು ಅವನಿಗೆ ಹೇಳಿದ ಮೇಲೆ ಬೇರೆ ಮೇಲ್ ಬರೆಯಿರಿ. ಮೊತ್ತ, ಕಂತು ಇರುವ ಮೇಲ್ ನೆಂಟರ ಕೈಗೆ ಹೋಗುವುದು ಯಾರಿಗೂ ಹಿಡಿಸದು.

ವಿಷಯದ ಸಾಲು ಆರು ತಿಂಗಳ ನಂತರ ಹುಡುಕಿದರೂ ಸಿಗುವಂತಿರಬೇಕು, ಮೊದಲ ಗಡುವೂ ಅದರಲ್ಲೇ ಕಾಣಬೇಕು. ‘ಸ್ವಾಗತ!’ ಎಂಬ ವಿಷಯದ ಸಾಲನ್ನು ಜಾಹೀರಾತೆಂದು ತಿಳಿದು ಪಕ್ಕಕ್ಕೆ ಸರಿಸುತ್ತಾರೆ.

ಸಂಪರ್ಕ: ಹೆಸರಿಗಿಂತ ಹೊಣೆ

ತಂಡದ ನಾಲ್ವರ ಹುದ್ದೆ, ಅನುಭವದ ಪಟ್ಟಿ ಯಾರಿಗೂ ಬೇಡ. ಕ್ಲೈಂಟ್‌ಗೆ ಬೇಕಾದದ್ದು: ಯಾವ ವಿಷಯಕ್ಕೆ ಯಾರಿಗೆ ಫೋನ್ ಮಾಡಲಿ, ಅವರು ಸಿಗದಿದ್ದರೆ ಯಾರಿಗೆ, ಯಾವ ಹೊತ್ತಿನಲ್ಲಿ. ಎರಡು ಹೆಸರು ಸಾಕು. ಒಬ್ಬರು ಎಲ್ಲದಕ್ಕೂ, ಇನ್ನೊಬ್ಬರು ಬಿಲ್ ವಿಷಯಕ್ಕೆ.

ಅವರ ಕಡೆಯದು ಇದಕ್ಕಿಂತ ಸೂಕ್ಷ್ಮ. ಕುಟುಂಬದ ವ್ಯಾಪಾರದಲ್ಲಿ ದಿನನಿತ್ಯ ಮಾತಾಡುವ ಮಗಳು ‘ಈ ಬಣ್ಣ ಚೆನ್ನಾಗಿದೆ’ ಎನ್ನುತ್ತಾರೆ. ಹದಿನೈದು ದಿನದ ನಂತರ ಅಪ್ಪ ನೋಡಿ ‘ಇದು ನಮ್ಮ ಅಂಗಡಿ ಅನ್ನಿಸ್ತಾ ಇಲ್ಲ’ ಎನ್ನುತ್ತಾರೆ. ಇಬ್ಬರದೂ ನ್ಯಾಯವೇ, ನಷ್ಟ ಮಾತ್ರ ನಮ್ಮದು. ಆದ್ದರಿಂದ ಮೇಲ್‌ನಲ್ಲಿ ಎರಡು ಪಾತ್ರಗಳನ್ನು ಬೇರೆ ಮಾಡಿ ಬರೆಯಬೇಕು: ಮಾತುಕತೆ, ಸಾಮಗ್ರಿ, ಚಿಕ್ಕ ತಿದ್ದುಪಡಿ ಮಗಳೊಂದಿಗೆ; ಪ್ರತಿ ಹಂತದ ಅಂತಿಮ ಒಪ್ಪಿಗೆ ಮಾಲೀಕರದು, ಅದೂ ಮೇಲ್ ಮೂಲಕ. ಮಾಲೀಕರು ತೋಟಕ್ಕೆ ಹೋದರೆ ಎರಡು ದಿನ ನೆಟ್‌ವರ್ಕ್ ಸಿಗದು, ಆಗ ಅವರ ಪರವಾಗಿ ಮಗಳ ಒಪ್ಪಿಗೆ ಸಾಕೇ ಎಂಬುದನ್ನೂ ಈಗಲೇ ಕೇಳಿ. ಈ ಪ್ರಶ್ನೆಯನ್ನು ಜಗಳ ಇಲ್ಲದ ದಿನ ಕೇಳುವುದು ಸುಲಭ.

ವಾಟ್ಸ್ಆಪ್ ಬೇಡ ಎಂದು ಹಟ ಹಿಡಿಯಬೇಡಿ. ನಮ್ಮ ಊರುಗಳಲ್ಲಿ ವ್ಯಾಪಾರ ನಡೆಯುವುದೇ ಅದರಲ್ಲಿ. ‘ಮಾತಿಗೆ ವಾಟ್ಸ್ಆಪ್, ಒಪ್ಪಿಗೆಗೆ ಮೇಲ್’ ಎಂಬ ಒಂದೇ ನಿಯಮ ಇಡಿ. ಅವರು ವಾಟ್ಸ್ಆಪ್‌ನಲ್ಲೇ ಒಪ್ಪಿಗೆ ಕೊಟ್ಟರೆ ಅದನ್ನು ಮೇಲ್‌ಗೆ ಎತ್ತಿ ಬರೆದು ಕಳಿಸುವ ಹೊಣೆ ನಿಮ್ಮದೇ ಆಗಿರಲಿ.

ಮೊದಲು ಬೇಕಾದ ಮೂರು

ಮೇಲ್‌ನಲ್ಲಿ ನಿಜವಾಗಿ ಯೋಚನೆ ಬೇಡುವ ಭಾಗ ಇದು. ಒಂದು ಕಾಗದದ ಮೇಲೆ ಬೇಕಾದ್ದೆಲ್ಲವನ್ನೂ ಬರೆದುಕೊಳ್ಳಿ: ಲೋಗೊ, ಫೋಟೊ, ‘ನಮ್ಮ ಬಗ್ಗೆ’ ಬರಹ, ದರಪಟ್ಟಿ, ಕೊರಿಯರ್ ವಿವರ, ಪ್ಯಾನ್, ಜಿಎಸ್‌ಟಿ ಪ್ರಮಾಣಪತ್ರ, ಡೊಮೇನ್. ಪ್ರತಿಯೊಂದರ ಮುಂದೆ ಎರಡು ವಿಷಯ ಗುರುತು ಮಾಡಿ. ಇದು ಬಾರದಿದ್ದರೆ ಯಾವ ಕೆಲಸ ನಿಲ್ಲುತ್ತದೆ? ಇದು ಬರಲು ಮೂರನೆಯವರು ಯಾರಾದರೂ ಏನಾದರೂ ಮಾಡಬೇಕೇ? ಎರಡನೆಯ ಪ್ರಶ್ನೆಗೆ ‘ಹೌದು’ ಎಂದು ಬಂದದ್ದೆಲ್ಲ ಪಟ್ಟಿಯ ತಲೆಗೆ ಹೋಗಬೇಕು. ಕ್ಲೈಂಟ್ ಎಷ್ಟೇ ಚುರುಕಾದರೂ ಮೂರನೆಯವರ ಮೇಲೆ ಅವರ ಹಿಡಿತ ಇರದು.

ಹೀಗೆ ಸೋಸಿದಾಗ ನಮ್ಮ ಕಾಫಿಪುಡಿ ಜಾಲತಾಣಕ್ಕೆ ಉಳಿಯುವುದು ಮೂರು. ಲೋಗೊ ಅದರಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಅದು ಎರಡನೇ ವಾರ ಬಂದರೂ ನಡೆಯುತ್ತದೆ.

ಮೊದಲನೆಯದು ಡೊಮೇನ್. ಯಾಕೆ ಅದೇ ಮೊದಲು? ಆನ್‌ಲೈನ್ ಹಣ ಪಡೆಯಲು ಪೇಮೆಂಟ್ ಗೇಟ್‌ವೇ ಬೇಕು. ಗೇಟ್‌ವೇ ಕಂಪನಿಗಳು ಅರ್ಜಿ ಪರಿಶೀಲಿಸುವಾಗ ಜಾಲತಾಣವನ್ನು ತೆರೆದು ನೋಡುತ್ತವೆ. ಮಾರುವ ವಸ್ತು, ಬೆಲೆ, ಸಂಪರ್ಕ, ಹಣ ವಾಪಸಿನ ನಿಯಮ, ಸಾಗಣೆ ನಿಯಮ, ಖಾಸಗಿತನದ ನಿಯಮ ಇವೆಲ್ಲ ಕಾಣಬೇಕೆಂದು ಸಾಮಾನ್ಯವಾಗಿ ಕೇಳುತ್ತವೆ. ಅಂದರೆ ಪೂರ್ತಿ ಜಾಲತಾಣ ಮುಗಿಯುವ ಮೊದಲೇ ಒಂದು ಚಿಕ್ಕ ರೂಪವನ್ನು ನಿಜವಾದ ವಿಳಾಸದಲ್ಲಿ ಇಡಬೇಕಾಗುತ್ತದೆ. ಡೊಮೇನ್ ಕೈಗೆ ಸಿಗದಿದ್ದರೆ ಅದೂ ಇಲ್ಲ, ಅರ್ಜಿಯೂ ಇಲ್ಲ. ಎಲ್ಲ ಸಿದ್ಧವಾದ ಮೇಲೆ ದೀಪಾವಳಿ ವಾರದಲ್ಲಿ ಗೇಟ್‌ವೇ ಉತ್ತರಕ್ಕೆ ಕಾಯುತ್ತ ಕೂರುವುದು ಈ ಕೆಲಸದ ಮಾಮೂಲಿ ದುರಂತ.

ಇಲ್ಲಿ ಅಕ್ಕನ ಮಗ ಬರುತ್ತಾನೆ. ಡೊಮೇನ್ ಅವನ ಖಾತೆಯಲ್ಲಿದೆ, ಲಾಗಿನ್ ಒಟಿಪಿ ಅವನ ಹಳೆಯ ನಂಬರಿಗೆ ಹೋಗುತ್ತಿರಬಹುದು. ಮೇಲ್ ಬರೆಯುವ ಮುನ್ನ ನೀವೇ ನೋಡಬಹುದಾದದ್ದನ್ನು ನೋಡಿಬಿಡಿ:

```
whois example.com
dig +short NS example.com
dig +short MX example.com
```

ಮೊದಲ ಆದೇಶ ಡೊಮೇನ್ ಯಾವ ರಿಜಿಸ್ಟ್ರಾರ್ ಬಳಿ ಇದೆ, ಯಾವತ್ತು ಅವಧಿ ಮುಗಿಯುತ್ತದೆ ಎಂದು ತೋರಿಸುತ್ತದೆ. ಮಾಲೀಕರ ಹೆಸರು ಹೆಚ್ಚಾಗಿ ಮರೆಯಾಗಿರುತ್ತದೆ, ಅದಕ್ಕೇ ಫೋನಿನಲ್ಲಿ ಕೇಳಿದ್ದು. ಎರಡನೆಯದು ನೇಮ್‌ಸರ್ವರ್, ಅಂದರೆ ಡೊಮೇನ್‌ನ ದಾಖಲೆಗಳು ಇರುವ ಜಾಗ, ಯಾವುದೆಂದು ಹೇಳುತ್ತದೆ. ಮೂರನೆಯದರಲ್ಲಿ ಏನಾದರೂ ಬಂದರೆ ಅವರ ಅಂಗಡಿಯ ಇಮೇಲ್ ಇದೇ ಡೊಮೇನ್ ಮೇಲೆ ನಡೆಯುತ್ತಿರಬಹುದು ಎಂದರ್ಥ. ಆಗ ನೇಮ್‌ಸರ್ವರ್ ಬದಲಿಸುವವರು ಎಂಎಕ್ಸ್ ದಾಖಲೆಗಳನ್ನು ಹೊಸ ಜಾಗಕ್ಕೆ ನಕಲು ಮಾಡದಿದ್ದರೆ ಜಾಲತಾಣ ಬರುವ ದಿನ ಇಮೇಲ್ ನಿಲ್ಲುತ್ತದೆ. ಮೇಲ್‌ನಲ್ಲಿ ‘ನೇಮ್‌ಸರ್ವರ್ ಬದಲಿಸುವುದಿಲ್ಲ, ಜಾಲತಾಣದ ದಾಖಲೆ ಮಾತ್ರ ಸೇರಿಸುತ್ತೇವೆ, ನಿಮ್ಮ ಇಮೇಲ್‌ಗೆ ಏನೂ ಆಗದು’ ಎಂಬ ಒಂದು ಸಾಲು ಇದ್ದರೆ ಅಕ್ಕನ ಮಗನೂ ನಿರಾಳವಾಗಿ ಸಹಕರಿಸುತ್ತಾನೆ.

ಪಾಸ್‌ವರ್ಡ್ ಕೇಳಬೇಡಿ. ‘ಲಾಗಿನ್ ವಿವರ ಕಳಿಸಿ’ ಎಂದರೆ ಅವರು ಪಾಸ್‌ವರ್ಡನ್ನು ಮೇಲ್‌ನಲ್ಲೇ ಬರೆದು, ಅಕೌಂಟೆಂಟ್‌ಗೂ ಪ್ರತಿ ಹಾಕಿ ಕಳಿಸುತ್ತಾರೆ. ಅನೇಕ ರಿಜಿಸ್ಟ್ರಾರ್‌ಗಳಲ್ಲಿ ಇನ್ನೊಬ್ಬರಿಗೆ ಸೀಮಿತ ಪ್ರವೇಶ ಕೊಡುವ ಸೌಲಭ್ಯ ಇದೆ. ಅದು ಇಲ್ಲದ ಕಡೆ ಅಕ್ಕನ ಮಗನೊಂದಿಗೆ ಹದಿನೈದು ನಿಮಿಷ ಸ್ಕ್ರೀನ್ ಹಂಚಿಕೊಂಡು ಅವನ ಕೈಯಲ್ಲೇ ದಾಖಲೆ ಸೇರಿಸಿದರೆ ಮುಗಿಯಿತು. ಡೊಮೇನನ್ನು ಮಾಲೀಕರ ಹೆಸರಿಗೆ ತರುವುದು ಒಳ್ಳೆಯದೇ, ಆದರೆ ಅದನ್ನು ಈ ಗಡುವಿಗೆ ಕಟ್ಟಬೇಡಿ.

ಎರಡನೆಯದು ಗೇಟ್‌ವೇ ದಾಖಲೆಗಳು: ಸಂಸ್ಥೆಯ ಪ್ಯಾನ್, ಜಿಎಸ್‌ಟಿ ಪ್ರಮಾಣಪತ್ರ, ರದ್ದು ಮಾಡಿದ ಚೆಕ್, ಪಾಲುದಾರಿಕೆ ಇದ್ದರೆ ಅದರ ಪತ್ರ. ಅರ್ಜಿ ಹಿಂದೆ ಬರಲು ಮುಖ್ಯ ಕಾರಣವೊಂದು ಹೆಸರು ತಾಳೆಯಾಗದಿರುವುದು. ಪ್ಯಾನ್‌ನಲ್ಲಿ ಒಂದು ಹೆಸರು, ಬ್ಯಾಂಕ್ ಖಾತೆಯಲ್ಲಿ ಅಂಗಡಿಯ ಬೋರ್ಡಿನ ಹೆಸರು ಇದ್ದರೆ ಬ್ಯಾಂಕಿಗೆ ಹೋಗಿ ಸರಿಪಡಿಸುವುದು ಒಂದೆರಡು ದಿನದ ಕೆಲಸವಲ್ಲ. ಅದಕ್ಕೇ ದಾಖಲೆ ಕಳಿಸುವ ಮೊದಲು ಅಕೌಂಟೆಂಟ್ ಒಮ್ಮೆ ಹೆಸರುಗಳನ್ನು ಹೋಲಿಸಿ ನೋಡಲಿ ಎಂದು ಬರೆಯಿರಿ. ಖಾತೆ ತೆರೆಯಬೇಕಾದವರು ಕ್ಲೈಂಟ್, ನಾವಲ್ಲ. ಅರ್ಜಿ ತುಂಬುವಾಗ ಜೊತೆಗೆ ಕೂರುತ್ತೇವೆ, ಅಷ್ಟೆ. ಸ್ಟುಡಿಯೊ ಹೆಸರಿನಲ್ಲಿ ತೆರೆದು ಹಣ ವರ್ಗಾಯಿಸುವ ‘ಸುಲಭ ದಾರಿ’ಯನ್ನು ಯಾರಾದರೂ ಸೂಚಿಸಿದರೆ ಬೇಡ ಎನ್ನಿ.

ಮೂರನೆಯದು ಉತ್ಪನ್ನಗಳ ಪಟ್ಟಿ. ‘ದರಪಟ್ಟಿ ಕಳಿಸಿ’ ಎಂದರೆ ಅಂಗಡಿಯ ಗೋಡೆಯ ಫೋಟೊ ಬರುತ್ತದೆ. ಅದರ ಬದಲು ಒಂದು ಗೂಗಲ್ ಶೀಟ್ ಮಾಡಿ, ಎರಡು ಸಾಲು ನೀವೇ ತುಂಬಿ ಕಳಿಸಿ. ಕಾಫಿಪುಡಿಗೆ ಕಾಲಂಗಳು ಹೀಗಿರಲಿ: ಹೆಸರು, ಕಾಫಿ ಮತ್ತು ಚಿಕೋರಿ ಶೇಕಡಾವಾರು, ನಿವ್ವಳ ತೂಕ, ಎಂಆರ್‌ಪಿ, ಫೋಟೊ ಫೈಲಿನ ಹೆಸರು. ಚಿಕೋರಿ ಬೆರೆಸಿದ ಪುಡಿಯ ಪೊಟ್ಟಣದ ಮೇಲೆ ಎರಡರ ಪ್ರಮಾಣವನ್ನೂ ನಮೂದಿಸುವುದು ಕಡ್ಡಾಯ, ಆದ್ದರಿಂದ ಆ ಅಂಕಿ ಅವರ ಬಳಿ ಇದ್ದೇ ಇರುತ್ತದೆ. ಆನ್‌ಲೈನ್ ಮಾರುವವರು ತಯಾರಕರ ಹೆಸರು ವಿಳಾಸ, ನಿವ್ವಳ ಪ್ರಮಾಣ, ಎಂಆರ್‌ಪಿಗಳನ್ನು ಪುಟದಲ್ಲೂ ತೋರಿಸಬೇಕು. ಜೊತೆಗೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಕೇಳಿ.

ಫೋಟೊ ವಿಷಯದಲ್ಲಿ ಒಂದು ಮಾತು: ವಾಟ್ಸ್ಆಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಲು ಅಥವಾ ನೀವು ಕೊಟ್ಟ ಡ್ರೈವ್ ಫೋಲ್ಡರಿಗೆ ಹಾಕಲು ಹೇಳಿ.

ಹಂತಗಳು: ಅವರ ಕೆಲಸಕ್ಕೂ ದಿನಾಂಕ

ಹಂತಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದು ನಾವು ಕೊಡುವ ದಿನಗಳು ಮಾತ್ರ. ಅವರು ನೋಡಿ ಹೇಳಬೇಕಾದ ದಿನ ಇರುವುದಿಲ್ಲ, ಹಾಗಾಗಿ ಆ ದಿನಗಳು ಲೆಕ್ಕಕ್ಕೇ ಬರುವುದಿಲ್ಲ. ಪ್ರತಿ ಹಂತಕ್ಕೂ ಎರಡು ದಿನಾಂಕ ಇಡಿ. ನಮ್ಮ ಉದಾಹರಣೆಯಲ್ಲಿ ಪರಿಶೀಲನೆಗೆ ಮೂರು ಕೆಲಸದ ದಿನ ಎಂದು ಒಪ್ಪಂದದಲ್ಲೇ ಇದೆ. ಪುಟಗಳ ನಕ್ಷೆ ಆಗಸ್ಟ್ 14, ಗುರುವಾರ ಹೋದರೆ ಮರುದಿನ ಸ್ವಾತಂತ್ರ್ಯ ದಿನ, ಆಮೇಲೆ ಶನಿವಾರ, ಭಾನುವಾರ. ಮೂರು ಕೆಲಸದ ದಿನ ಅಂದರೆ 20, ಬುಧವಾರ. ಇದನ್ನು ಕ್ಲೈಂಟ್ ಎಣಿಸಲಿ ಎಂದು ಬಿಡಬೇಡಿ, ದಿನಾಂಕವನ್ನೇ ಬರೆಯಿರಿ.

ಹಬ್ಬಗಳನ್ನು ಈಗಲೇ ನೋಡಿ. ಆಗಸ್ಟ್ 8 ವರಮಹಾಲಕ್ಷ್ಮಿ, ಆ ದಿನ ಈ ಮನೆಯಿಂದ ದಾಖಲೆ ಬರುತ್ತದೆ ಎಂದು ನಂಬಿದರೆ ನಮ್ಮದೇ ತಪ್ಪು. ಗೇಟ್‌ವೇ ದಾಖಲೆಯ ಗಡುವನ್ನು 11ಕ್ಕೆ ಸರಿಸಿದ್ದು ಅದಕ್ಕೇ. ಆಗಸ್ಟ್ 27 ಗಣೇಶ ಚತುರ್ಥಿ, ಅಕ್ಟೋಬರ್ 1 ಮತ್ತು 2 ಆಯುಧಪೂಜೆ, ವಿಜಯದಶಮಿ. ಮೈಸೂರಿನಲ್ಲಿ ಆ ಎರಡು ದಿನ ಗಡುವು ಇಡುವುದು ಧೈರ್ಯವಲ್ಲ. ಶುರುವಾಗುವ ದಿನ ಅಕ್ಟೋಬರ್ 6, ಸೋಮವಾರ. ಶುಕ್ರವಾರ ಸಂಜೆ ಶುರು ಮಾಡಿದರೆ ಏನಾದರೂ ಕೆಟ್ಟಾಗ ಯಾವ ಸಹಾಯವಾಣಿಯೂ ಸರಿಯಾಗಿ ಸಿಗದು.

ತಡವಾದರೆ ಏನು ಎಂಬುದನ್ನು ಬೆದರಿಕೆಯಿಲ್ಲದೆ ಹೇಳಬೇಕು: ‘ಇದು ಎಷ್ಟು ದಿನ ತಡವಾದರೆ ಶುರುವಾಗುವ ದಿನವೂ ಅಷ್ಟೇ ಮುಂದೆ ಹೋಗುತ್ತದೆ.’ ಇದನ್ನು ಎಲ್ಲದಕ್ಕೂ ಅಂಟಿಸಬೇಡಿ, ನಿಜವಾಗಿ ಹಾಗಾಗುವ ಡೊಮೇನ್ ಮತ್ತು ಗೇಟ್‌ವೇಗೆ ಮಾತ್ರ. ಒಪ್ಪಂದದಲ್ಲಿ ಇಲ್ಲದ ಹೊಸ ಷರತ್ತನ್ನು ಈ ಮೇಲ್‌ನಲ್ಲಿ ನುಸುಳಿಸುವುದೂ ಸರಿಯಲ್ಲ. ‘ಮೂರು ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿದಂತೆ’ ಎಂಬುದು ಒಪ್ಪಂದದಲ್ಲಿದ್ದರೆ ನೆನಪಿಸಿ, ಇಲ್ಲದಿದ್ದರೆ ಸೇರಿಸಬೇಡಿ.

ಹಣದ ವಿಷಯ ಎರಡು ಸಾಲು ಸಾಕು. ಒಟ್ಟು ಮೊತ್ತ ₹1,60,000, ಮುಂಗಡ 40 ಶೇಕಡಾ ಅಂದರೆ ₹64,000, ಅದಕ್ಕೆ 18 ಶೇಕಡಾ ಜಿಎಸ್‌ಟಿ ₹11,520, ಒಟ್ಟು ₹75,520. ಟಿಡಿಎಸ್ ಹಿಡಿಯುವುದಾದರೆ ಜಿಎಸ್‌ಟಿ ಬಿಟ್ಟ ₹64,000ದ ಮೇಲೆ ಎಂಬುದನ್ನು ಬರೆದುಬಿಡಿ. ಬಿಲ್‌ನಲ್ಲಿ ಜಿಎಸ್‌ಟಿ ಬೇರೆಯಾಗಿ ಕಾಣಿಸಿದ್ದರೆ ನಿಯಮ ಹಾಗೆಯೇ ಇದೆ. ಆದರೂ ಪೂರ್ತಿ ಮೊತ್ತದ ಮೇಲೆ ಹಿಡಿದು, ಆಮೇಲೆ ಅಕೌಂಟೆಂಟರೊಂದಿಗೆ ವಾರಗಟ್ಟಲೆ ಮಾತು ನಡೆಯುವುದುಂಟು.

ಪೂರ್ತಿ ಮೇಲ್

> ವಿಷಯ: ಕಾಫಿಪುಡಿ ಜಾಲತಾಣ: ಕೆಲಸ ಶುರು, ಆಗಸ್ಟ್ 6ರೊಳಗೆ ಡೊಮೇನ್ ಬೇಕು
>
> ನಮಸ್ಕಾರ ಸರ್, ನಮಸ್ಕಾರ ಮೇಡಂ,
>
> ನಿನ್ನೆ ಸಹಿಯಾದ ಒಪ್ಪಂದದ ಪ್ರತಿ ಲಗತ್ತಿಸಿದ್ದೇನೆ. ಅಕ್ಟೋಬರ್ 6, ಸೋಮವಾರ ಜಾಲತಾಣ ಶುರುವಾಗಬೇಕಾದರೆ ಮುಂದಿನ ಎರಡೂವರೆ ವಾರದಲ್ಲಿ ತಮ್ಮ ಕಡೆಯಿಂದ ಮೂರು ವಿಷಯ ಬೇಕು.
>
> 1. ಡೊಮೇನ್, ಆಗಸ್ಟ್ 6, ಬುಧವಾರದೊಳಗೆ. ಬೆಂಗಳೂರಿನ ತಮ್ಮ ಸಂಬಂಧಿಕರಿಗೆ ನಮ್ಮ ಬಗ್ಗೆ ತಿಳಿಸಿ, ಅವರ ನಂಬರ್ ಕೊಡಿ. ಹದಿನೈದು ನಿಮಿಷದ ಕೆಲಸ, ಪಾಸ್‌ವರ್ಡ್ ಬೇಡ. ಈಗಿರುವ ಇಮೇಲ್‌ಗೆ ಏನೂ ಆಗುವುದಿಲ್ಲ. ಇದು ತಡವಾದಷ್ಟು ದಿನ ಶುರುವಾಗುವ ದಿನವೂ ಮುಂದೆ ಹೋಗುತ್ತದೆ.
>
> 2. ಪೇಮೆಂಟ್ ಗೇಟ್‌ವೇ ದಾಖಲೆಗಳು, ಆಗಸ್ಟ್ 11, ಸೋಮವಾರದೊಳಗೆ. ಸಂಸ್ಥೆಯ ಪ್ಯಾನ್, ಜಿಎಸ್‌ಟಿ ಪ್ರಮಾಣಪತ್ರ, ಪಾಲುದಾರಿಕೆ ಪತ್ರ, ರದ್ದು ಮಾಡಿದ ಚೆಕ್. ಈ ನಾಲ್ಕರಲ್ಲೂ ಸಂಸ್ಥೆಯ ಹೆಸರು ಒಂದೇ ರೀತಿ ಇದೆಯೇ ಎಂದು ಅಕೌಂಟೆಂಟ್ ಅವರು ನೋಡಲಿ. ಬೇರೆ ಇದ್ದರೆ ಕಳಿಸುವ ಮೊದಲು ನನಗೆ ಫೋನ್ ಮಾಡಿ.
>
> 3. ಉತ್ಪನ್ನಗಳ ಪಟ್ಟಿ, ಆಗಸ್ಟ್ 18, ಸೋಮವಾರದೊಳಗೆ. ಶೀಟಿನ ಲಿಂಕ್ ಕೆಳಗಿದೆ, ಮಾದರಿಗೆ ಎರಡು ಸಾಲು ತುಂಬಿದ್ದೇನೆ. ಮೊದಲು ಹೆಚ್ಚು ಮಾರುವ ನಾಲ್ಕು ಪುಡಿಗಳ ವಿವರ ತುಂಬಿದರೂ ಸಾಕು.
>
> ಲೋಗೊ, ‘ನಮ್ಮ ಬಗ್ಗೆ’ ಬರಹಕ್ಕೆ ಈಗ ಆತುರವಿಲ್ಲ, ಬೇಕಾದಾಗ ಕೇಳುತ್ತೇನೆ.
>
> ಹಂತಗಳು
> ಪುಟಗಳ ನಕ್ಷೆ: ಆಗಸ್ಟ್ 14. ತಮ್ಮ ಅಭಿಪ್ರಾಯ: ಆಗಸ್ಟ್ 20.
> ಬಣ್ಣ, ಅಕ್ಷರ, ವಿನ್ಯಾಸ: ಆಗಸ್ಟ್ 26. ತಮ್ಮ ಒಪ್ಪಿಗೆ: ಸೆಪ್ಟೆಂಬರ್ 1.
> ನಾಲ್ಕು ಪುಡಿಗಳೊಂದಿಗೆ ಚಿಕ್ಕ ಜಾಲತಾಣ, ಗೇಟ್‌ವೇ ಅರ್ಜಿ: ಸೆಪ್ಟೆಂಬರ್ 5.
> ಪೂರ್ತಿ ಜಾಲತಾಣ ಪರೀಕ್ಷೆಗೆ: ಸೆಪ್ಟೆಂಬರ್ 16. ತಿದ್ದುಪಡಿಗಳ ಪಟ್ಟಿ: ಸೆಪ್ಟೆಂಬರ್ 19.
> ತಿದ್ದುಪಡಿ ಮುಗಿದು ಅಂತಿಮ ಒಪ್ಪಿಗೆ: ಸೆಪ್ಟೆಂಬರ್ 30.
> ಶುರು: ಅಕ್ಟೋಬರ್ 6.
> ಆಗಸ್ಟ್ 15, 27, ಅಕ್ಟೋಬರ್ 1, 2 ನಮ್ಮ ಕಚೇರಿಗೆ ರಜೆ.
>
> ಯಾರೊಂದಿಗೆ ಮಾತು
> ಎಲ್ಲ ವಿಷಯಕ್ಕೂ ನಾನು, ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 10ರಿಂದ ಸಂಜೆ 6. ಬಿಲ್ ಬಗ್ಗೆ ನಮ್ಮ ಲೆಕ್ಕಪತ್ರ ವಿಭಾಗ. ಎರಡೂ ನಂಬರ್ ಕೆಳಗಿವೆ.
> ತಮ್ಮ ಕಡೆ ದಿನನಿತ್ಯದ ಮಾತು ಮೇಡಂ ಅವರೊಂದಿಗೆ, ಪ್ರತಿ ಹಂತದ ಅಂತಿಮ ಒಪ್ಪಿಗೆ ಸರ್ ಅವರಿಂದ ಮೇಲ್ ಮೂಲಕ ಎಂದುಕೊಂಡಿದ್ದೇನೆ. ಸರ್ ತೋಟದಲ್ಲಿದ್ದು ಸಿಗದಿದ್ದರೆ ಮೇಡಂ ಅವರ ಒಪ್ಪಿಗೆ ಸಾಕೇ, ತಿಳಿಸಿ.
>
> ಫೋನಿನಲ್ಲಿ ಮಾತಾಡಿದಂತೆ ವಾಟ್ಸ್ಆಪ್ ಆರ್ಡರ್ ಈ ಹಂತದಲ್ಲಿ ಇಲ್ಲ, ಅಕ್ಟೋಬರ್ ನಂತರ ಬೇರೆ ಲೆಕ್ಕ ಕೊಡುತ್ತೇವೆ.
>
> ಮುಂಗಡದ ಬಿಲ್ ಲಗತ್ತಿಸಿದೆ: ₹64,000 + ಜಿಎಸ್‌ಟಿ ₹11,520 = ₹75,520. ಟಿಡಿಎಸ್ ಇದ್ದರೆ ₹64,000ದ ಮೇಲೆ.
>
> ಈಗ ಎರಡು ಉತ್ತರ ಸಾಕು: ಸಂಬಂಧಿಕರ ನಂಬರ್, ಮತ್ತು ಒಪ್ಪಿಗೆ ಕೊಡುವವರ ಬಗ್ಗೆ ಮೇಲಿನದು ಸರಿಯೇ ಎಂಬುದು.
>
> ವಂದನೆಗಳೊಂದಿಗೆ,

ಗಮನಿಸಿ: ಕೊನೆಯ ಸಾಲು ಕೇಳುವುದು ಎರಡೇ ವಿಷಯ, ಎರಡಕ್ಕೂ ಮೊಬೈಲಿನಲ್ಲೇ ಉತ್ತರಿಸಬಹುದು. ಮೊದಲ ಉತ್ತರ ಸುಲಭವಾಗಿದ್ದರೆ ಎರಡನೆಯದೂ ಬರುತ್ತದೆ. ‘ತಾವು, ತಮ್ಮ’ ಎಂಬ ರೂಪ ಈ ಕ್ಲೈಂಟ್‌ಗೆ ಹೊಂದಿತು. ಬೆಂಗಳೂರಿನ ಸ್ಟಾರ್ಟಪ್‌ಗೆ ‘ನೀವು’ ಸಾಕು, ಅಲ್ಲಿ ‘ತಾವು’ ನಾಟಕದಂತೆ ಕೇಳೀತು.

ಕಳಿಸಿದ ಮೇಲೆ

ಮೇಲ್ ಹೋದ ಹತ್ತು ನಿಮಿಷಕ್ಕೆ ಮಗಳಿಗೆ ಒಂದು ವಾಟ್ಸ್ಆಪ್: ‘ಮೇಡಂ, ವಿವರವಾದ ಮೇಲ್ ಕಳಿಸಿದ್ದೇನೆ. ಮೊದಲು ಬೇಕಾದ್ದು ಡೊಮೇನ್ ಒಂದೇ.’ ನೀವು ಹೊಸಬರಾದ್ದರಿಂದ ಮೊದಲ ಮೇಲ್ ಸ್ಪ್ಯಾಮ್‌ಗೆ ಬೀಳುವ ಸಾಧ್ಯತೆ ಇದೆ, ಈ ಸಂದೇಶ ಅದಕ್ಕೂ ಪರಿಹಾರ.

ಮೇಲ್ ಕೆಲಸ ಮಾಡಿದೆಯೇ ಎಂದು ತಿಳಿಯುವುದು ಉತ್ತರದ ರೀತಿಯಲ್ಲಿ. ‘ಓಕೆ ಸರ್, ನೋಡ್ತೀವಿ’ ಅಂದರೆ ಓದಿಲ್ಲ ಎಂದೇ ತಿಳಿಯಿರಿ. ‘ಅವನು ಭಾನುವಾರ ಊರಿಗೆ ಬರ್ತಾನೆ, ಆಗ ಮಾಡಿದರೆ ಆಗುತ್ತಾ?’ ಎಂದು ಕೇಳಿದರೆ ಪೂರ್ತಿ ಅರ್ಥವಾಗಿದೆ. ಮಾಲೀಕರು ಏನೂ ಬರೆಯದೆ ಮಗಳು ಮಾತ್ರ ಉತ್ಸಾಹದಿಂದ ಉತ್ತರಿಸುತ್ತಿದ್ದರೆ ಎಚ್ಚರ. ಒಪ್ಪಿಗೆಯ ಸಾಲಿಗೆ ಅವರ ಬಾಯಿಂದಲೇ ‘ಸರಿ’ ಬರುವವರೆಗೆ ವಿನ್ಯಾಸ ಶುರು ಮಾಡದಿರುವುದು ಉತ್ತಮ. ಮೇಲ್‌ಗೆ ಬಾರದಿದ್ದರೆ ಫೋನಿನಲ್ಲಿ ಕೇಳಿ, ಕೇಳಿದ್ದನ್ನು ಅದೇ ಮೇಲ್‌ನ ಉತ್ತರವಾಗಿ ಎರಡು ಸಾಲು ಬರೆದು ಹಾಕಿ.

ಆಗಸ್ಟ್ 5ಕ್ಕೂ ಸಂಬಂಧಿಕರ ನಂಬರ್ ಬಾರದಿದ್ದರೆ ‘ಜ್ಞಾಪನೆ’ ಎಂಬ ಮೇಲ್ ಬೇಡ, ಫೋನ್ ಮಾಡಿ. ಸಮಸ್ಯೆ ಸಾಮಾನ್ಯವಾಗಿ ಸೋಮಾರಿತನದ್ದಲ್ಲ, ಆ ಹುಡುಗನೊಂದಿಗೆ ಮಾತು ನಿಂತಿರಬಹುದು, ಅಥವಾ ಅವನಿಗೇ ಯಾವ ಖಾತೆಯಲ್ಲಿ ಕೊಂಡಿದ್ದೆ ಎಂಬುದು ನೆನಪಿಲ್ಲದಿರಬಹುದು. ಆಗ ರಿಜಿಸ್ಟ್ರಾರ್ ಮೂಲಕ ಖಾತೆ ಮರಳಿ ಪಡೆಯುವ ಪ್ರಯತ್ನ ಒಂದು ಕಡೆ ನಡೆಯಲಿ, ಬೇರೊಂದು ಹೆಸರಿನ ಹೊಸ ಡೊಮೇನ್ ಕೊಂಡು ಕೆಲಸ ಮುಂದುವರಿಸುವ ಆಯ್ಕೆಯನ್ನು ಮಾಲೀಕರ ಮುಂದಿಡಿ. ಆಗಸ್ಟ್ 20ರ ನಂತರ ಈ ಆಯ್ಕೆ ಕೊಟ್ಟರೆ ಪ್ರಯೋಜನವಿಲ್ಲ, ಆ ಹೊತ್ತಿಗೆ ವಿನ್ಯಾಸದಲ್ಲೂ ಪೊಟ್ಟಣದ ಮೇಲೂ ಹಳೆಯ ಹೆಸರು ಅಚ್ಚಾಗಲು ಹೋಗಿರುತ್ತದೆ.

ಗಡುವು ಮೀರಿ ಡೊಮೇನ್ ಸಿಕ್ಕಿತು ಎನ್ನಿ, ಆಗಸ್ಟ್ 6ರ ಬದಲು 13ಕ್ಕೆ. ಅದೇ ದಿನ, ಅದೇ ಮೇಲ್ ಸರಣಿಯಲ್ಲಿ, ಹೊಸ ದಿನಾಂಕಗಳ ಪಟ್ಟಿ ಕಳಿಸಿ: ‘ಡೊಮೇನ್ ಇವತ್ತು ಸಿಕ್ಕಿತು, ಧನ್ಯವಾದ. ನಕ್ಷೆ, ವಿನ್ಯಾಸದ ದಿನಾಂಕಗಳು ಬದಲಾಗಿಲ್ಲ. ಚಿಕ್ಕ ಜಾಲತಾಣ ಮತ್ತು ಗೇಟ್‌ವೇ ಅರ್ಜಿ ಸೆಪ್ಟೆಂಬರ್ 12ಕ್ಕೆ, ಶುರು ಅಕ್ಟೋಬರ್ 13ಕ್ಕೆ. ದೀಪಾವಳಿಗೆ ಒಂದು ವಾರ ಉಳಿಯುತ್ತದೆ.’ ಬದಲಾಗದ ದಿನಾಂಕಗಳನ್ನು ಮೊದಲು ಹೇಳಿ, ಬದಲಾದದ್ದನ್ನು ಆಮೇಲೆ. ಅಕ್ಟೋಬರ್‌ನಲ್ಲಿ ಯಾರಾದರೂ ‘ಆರಕ್ಕೆ ಅಂದಿದ್ದಿರಲ್ಲ’ ಎಂದು ಕೇಳಿದರೆ ತೋರಿಸಬೇಕಾದ್ದು ಈ ಮೇಲ್ ಒಂದೇ.